ಬೆಲೆ ಬೀಳಿಸದೆ ಸಣ್ಣ ಕಂಪನಿಯ ಷೇರು ಮಾರಿದ್ದು: ನನ್ನ ಅನುಭವ

ನನ್ನ ಹತ್ತಿರ ಒಂದು ಸಣ್ಣ ಕಂಪನಿಯ ನಾಲ್ಕು ಸಾವಿರ ಚಿಲ್ಲರೆ ಷೇರು ಇತ್ತು. ಎನ್‌ಎಸ್‌ಇಯಲ್ಲಿ ದಿನಕ್ಕೆ ಎರಡು ಮೂರು ಸಾವಿರ ಕೈ ಬದಲಾದರೆ ಅದೇ ಜಾಸ್ತಿ. ಪರದೆ ಮೇಲೆ ಬೆಲೆ 182 ಆಸುಪಾಸು. ಆ ಬೆಲೆಗೇ ಮಾರುತ್ತೇನೆ ಅಂದಾಗ ಬ್ರೋಕರ್ ಆಫೀಸಿನ ಅಣ್ಣಂದಿರು ನಕ್ಕರು. "ಮಾರ್ಕೆಟ್ ಆರ್ಡರ್ ಹಾಕಿ ಕೈ ತೊಳ್ಕೊಳೋ ಮಾರಾಯ, 175 ಸಿಕ್ಕರೆ ನಿನ್ನ ಪುಣ್ಯ" ಅಂದರು. ಕೊನೆಗೆ ನನಗೆ ಸರಾಸರಿ 183ರ ಹತ್ತಿರ ಸಿಕ್ಕಿತು.

ಆಗ ಡೆಪ್ತ್, ಅಂದರೆ ಯಾವ ಬೆಲೆಗೆ ಎಷ್ಟು ಷೇರು ಕೊಳ್ಳಲು, ಮಾರಲು ಜನ ಕಾದಿದ್ದಾರೆ ಎಂಬ ಪಟ್ಟಿ, ಹೆಚ್ಚುಕಡಿಮೆ ಹೀಗಿತ್ತು. ಕೊಳ್ಳುವವರ ಕಡೆ 181ಕ್ಕೆ 60, 180.50ಕ್ಕೆ 140, 179ಕ್ಕೆ 250, 178ಕ್ಕೆ 300, 176.50ಕ್ಕೆ 500. ಮಾರುವವರ ಕಡೆ ಮೊದಲನೆಯವನು 183.50ಕ್ಕೆ 40 ಷೇರು ಇಟ್ಟುಕೊಂಡು ಕೂತಿದ್ದ. ಗಮನಿಸಿ, 182ಕ್ಕೆ ಕೊಳ್ಳುವವನೂ ಇಲ್ಲ, ಮಾರುವವನೂ ಇಲ್ಲ. ಅದು ಯಾವಾಗಲೋ ಆದ ಕೊನೆಯ ವ್ಯವಹಾರದ ಬೆಲೆ, ಅಷ್ಟೇ.

ಈ ಡೆಪ್ತ್ ಮೇಲೆ ಸಾವಿರ ಷೇರಿಗೆ ಮಾರ್ಕೆಟ್ ಆರ್ಡರ್, ಅಂದರೆ ಸಿಕ್ಕ ಬೆಲೆಗೆ ಮಾರುವ ಆರ್ಡರ್ ಹಾಕಿದರೆ ಏನಾಗುತ್ತದೆ ಅಂತ ಕೂತು ಲೆಕ್ಕ ಹಾಕಿದೆ. ಮೊದಲ ನಾಲ್ಕು ಸಾಲು ಪೂರ್ತಿ ಖಾಲಿ, ಐದನೆಯದರಲ್ಲಿ ಅರ್ಧ. ಕೈಗೆ ಬರುವುದು 1,78,405 ರೂಪಾಯಿ. ಸರಾಸರಿ 178.40. ಅಂದರೆ 182ಕ್ಕೆ ಹೋಲಿಸಿದರೆ ಮೂರೂವರೆ ಸಾವಿರಕ್ಕೂ ಜಾಸ್ತಿ ಲಾಸು, ಅದೂ ಒಂದೇ ಕ್ಷಣದಲ್ಲಿ. ಇನ್ನೂ ತಮಾಷೆ ಎಂದರೆ ಪರದೆ ಮೇಲೆ ಬೆಲೆ 176.50 ಅಂತ ಕೂರುತ್ತದೆ. ಕಂಪನಿಯದ್ದು ಎರಡು ಕೋಟಿ ಷೇರು ಇದೆ ಅಂದುಕೊಳ್ಳಿ. ನಾನು ಎರಡು ಲಕ್ಷದ ಒಳಗಿನ ಮಾಲು ಮಾರಿದ್ದಕ್ಕೆ ಕಂಪನಿಯ ಮಾರ್ಕೆಟ್ ಕ್ಯಾಪ್ 11 ಕೋಟಿ ಇಳಿದಂತೆ ಕಾಣುತ್ತದೆ. ಕಂಪನಿಯಲ್ಲಿ ಏನೂ ಆಗಿರುವುದಿಲ್ಲ.

ಹಾಗಾಗಿ ಎದುರಿನವರ ಬೆಲೆಗೆ ಹೋಗಿ ಬೀಳಬಾರದು, ನನ್ನ ಬೆಲೆ ಇಟ್ಟು ಕಾಯಬೇಕು ಅಂತ ತೀರ್ಮಾನಿಸಿದೆ. ಮೊದಲು ಸಾವಿರ ಷೇರನ್ನು 183.50ಕ್ಕೆ ಒಟ್ಟಿಗೇ ಲಿಮಿಟ್ ಹಾಕಿ ನೋಡಿದೆ. ಕೆಲಸ ಮಾಡಲಿಲ್ಲ. ದಿನಕ್ಕೆ ಎರಡು ಸಾವಿರ ಆಡುವ ಷೇರಿನಲ್ಲಿ ಒಂದೇ ಸಾಲಿಗೆ ಸಾವಿರ ಕಂಡರೆ ಎಲ್ಲರಿಗೂ ಗೊತ್ತಾಗುತ್ತದೆ, ಯಾರೋ ಖಾಲಿ ಮಾಡುತ್ತಿದ್ದಾರೆ ಅಂತ. ಯಾರೋ ಒಬ್ಬ 183.49ಕ್ಕೆ ಬಂದು ನನ್ನ ಮುಂದೆ ನಿಂತ. 250 ರೂಪಾಯಿ ಒಳಗಿನ ಷೇರಿಗೆ 2024ರ ಜೂನ್‌ನಿಂದ ಎನ್‌ಎಸ್‌ಇಯಲ್ಲಿ ಟಿಕ್, ಅಂದರೆ ಬೆಲೆ ಕದಲಬಹುದಾದ ಕನಿಷ್ಠ ಹೆಜ್ಜೆ, ಒಂದೇ ಪೈಸೆ. ಮುಂದೆ ಬಂದು ನಿಲ್ಲಲು ಅವನಿಗೆ ಖರ್ಚಾಗಿದ್ದೂ ಒಂದು ಪೈಸೆಯೇ. ನಾನು 183.48 ಮಾಡಿದೆ, ಅವನು 183.47. ಇತ್ತ ಕೊಳ್ಳುವವರು ಸುಮ್ನೆ ಕೂರಲಿಲ್ಲ. ಮಾಲು ಹೇಗೂ ಬರುತ್ತದಲ್ಲ, ಅವಸರ ಯಾಕೆ ಅಂತ 181ರ ಬಿಡ್ ವಾಪಸ್ ತೆಗೆದುಬಿಟ್ಟರು. ಸಂಜೆ ಹೊತ್ತಿಗೆ ಮೇಲಿನ ಬಿಡ್ 179ಕ್ಕೆ ಬಂದಿತ್ತು. ನಾನು ಒಂದು ಷೇರೂ ಮಾರಿರಲಿಲ್ಲ. ನನ್ನ ಆರ್ಡರ್ ಕಣ್ಣಿಗೆ ಬಿದ್ದದ್ದೇ ಸಾಕಾಗಿತ್ತು.

ಇಲ್ಲಿ ಇನ್ನೊಂದು ವಿಷಯ. ಬೆಲೆ ತಿದ್ದಿದಾಗಲೆಲ್ಲ ಸರದಿಯಲ್ಲಿ ಜಾಗ ಹೋಗುತ್ತದೆ. ಷೇರಿನ ಸಂಖ್ಯೆ ಹೆಚ್ಚಿಸಿದರೂ ಹೋಗುತ್ತದೆ. ಕಡಿಮೆ ಮಾಡಿದರೆ ಮಾತ್ರ ಉಳಿಯುತ್ತದೆ. ಹಾಗಾಗಿ ಪೈಸೆ ಜಗಳ ಬಿಟ್ಟೆ.

ಆಮೇಲೆ ಹಿಡಿದ ದಾರಿ ಇದು. ದಿನಕ್ಕೆ ಇನ್ನೂರರ ಮೇಲೆ ಹಾಕುವುದಿಲ್ಲ. ಅದರಲ್ಲೂ ಡಿಸ್‌ಕ್ಲೋಸ್ಡ್ ಕ್ವಾಂಟಿಟಿ ಇಡುತ್ತೇನೆ, ಅಂದರೆ ಆರ್ಡರಿನ ಒಂದು ಭಾಗ ಮಾತ್ರ ಹೊರಗೆ ಕಾಣುತ್ತದೆ. ಕನಿಷ್ಠ ಶೇ 10 ತೋರಿಸಬೇಕು, ಅಂದರೆ ಇನ್ನೂರಕ್ಕೆ ಇಪ್ಪತ್ತು. ಹೊರಗಿನವರಿಗೆ ಯಾರೋ ಪುಡಿ ಮಾರಾಟಗಾರ ಅಂತ ಕಾಣುತ್ತದೆ. ಇಪ್ಪತ್ತು ಹೋದರೆ ಮುಂದಿನ ಇಪ್ಪತ್ತು ಬರುತ್ತದೆ, ಆದರೆ ಅದೇ ಬೆಲೆಯ ಸರದಿಯ ಹಿಂದೆ ನಿಲ್ಲುತ್ತದೆ. ಅವಸರದಲ್ಲಿ ಬರುವ ಕೊಳ್ಳುವವನು ದಿನಕ್ಕೆ ಒಬ್ಬನೋ ಇಬ್ಬರೋ ಇದ್ದೇ ಇರುತ್ತಾರೆ. ಅವರು ನನ್ನ ಬೆಲೆಗೆ ಬರುತ್ತಾರೆ, ನಾನು ಅವರ ಬೆಲೆಗೆ ಹೋಗಬೇಕಾಗಿಲ್ಲ. 181 ಮತ್ತು 183.50ರ ನಡುವಿನ ಎರಡೂವರೆ ರೂಪಾಯಿ ಯಾರಿಗೆ ಅವಸರ ಇದೆಯೋ ಅವರ ಜೇಬಿನಿಂದ ಹೋಗುತ್ತದೆ. ದಿನದ ಯಾವ ಹೊತ್ತಿಗೆ ಅವರು ಬರುತ್ತಾರೆ ಎಂಬುದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಇನ್ನೂ ಬೇರೆ ಷೇರು ಮಾರುವುದಿದೆ.

ನಡುವೆ ಒಂದು ಸಣ್ಣ ಪ್ರಯೋಗ ಮಾಡಿದೆ. ಮಾರಾಟಕ್ಕೆ ಹಾಕದ ಒಂದು ದಿನ 183.50ಕ್ಕೆ ಒಂದೇ ಒಂದು ಷೇರು ಕೊಂಡೆ. ತಕ್ಷಣ ಬೆಲೆ 183.50 ಅಂತ ಹಸಿರಾಯಿತು. ಆದರೆ ದಿನದ ಕ್ಲೋಸಿಂಗ್ ಬೆಲೆ ಕದಲಲಿಲ್ಲ. ಯಾಕೆಂದರೆ ಅದು ಕೊನೆಯ ಅರ್ಧ ಗಂಟೆಯ ವ್ಯವಹಾರಗಳ ಸರಾಸರಿ, ಷೇರುಗಳ ಸಂಖ್ಯೆಗೆ ತಕ್ಕ ತೂಕ ಕೊಟ್ಟು ತೆಗೆದದ್ದು. ಒಂದು ಷೇರಿಗೆ ಅಲ್ಲಿ ಏನು ತೂಕ? ಹೀಗೆ ಬೆಲೆ ಆಡಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಸೆಬಿ ನೋಡುತ್ತಿರುತ್ತದೆ.

ಮಾಮೂಲಿ ಮಾರ್ಕೆಟ್ ತೆರೆಯುವ ಮುಂಚಿನ ಪ್ರೀ-ಓಪನ್ ಕೂಡ ಬಳಸಿದೆ. ಅಲ್ಲಿ ಲೆಕ್ಕವೇ ಬೇರೆ. ಬೆಳಿಗ್ಗೆ 9ರಿಂದ ಆರ್ಡರ್ ಸೇರುತ್ತವೆ, 9:07 ಮತ್ತು 9:08ರ ನಡುವೆ ಯಾವುದೋ ಕ್ಷಣದಲ್ಲಿ ಬಾಗಿಲು ಮುಚ್ಚುತ್ತದೆ. ಅತಿ ಹೆಚ್ಚು ಷೇರು ಯಾವ ಬೆಲೆಗೆ ಕೈ ಬದಲಾಗುತ್ತದೋ ಅದೇ ಎಲ್ಲರಿಗೂ ಬೆಲೆ. ಒಂದು ದಿನದ್ದು ನೆನಪಿದೆ. ಕೊಳ್ಳುವವರು 186ಕ್ಕೆ 300, 184ಕ್ಕೆ 400, 182ಕ್ಕೆ 500. ಮಾರುವವರು 180ಕ್ಕೆ 200, 183ಕ್ಕೆ 300, 184ಕ್ಕೆ 400. 183 ಇಟ್ಟರೆ 500 ಷೇರು ಮಾತ್ರ ಆಗುತ್ತದೆ. 184 ಇಟ್ಟರೆ 700. ಹಾಗಾಗಿ 184. ಅಲ್ಲಿ 180ಕ್ಕೆ ಇಟ್ಟಿದ್ದ ಇನ್ನೂರು ನನ್ನದೇ. ನನಗೂ 184 ಸಿಕ್ಕಿತು! ನಮ್ಮ ಶಿರಸಿಯ ಅಡಿಕೆ ಟೆಂಡರಿನಲ್ಲಿ ಒಂದೊಂದು ರಾಶಿಗೆ ಒಂದೊಂದು ದರ, ಇಲ್ಲಿ ಎಲ್ಲರಿಗೂ ಒಂದೇ.

ಆದರೆ ಅಪಾಯ ಇದೆ. ಆ ಹೊತ್ತಿನಲ್ಲಿ ಕೊಳ್ಳುವವರೇ ಬರದಿದ್ದರೆ ನಿಮ್ಮ 180ರ ಆರ್ಡರ್ ಹಾಗೇ 9:15ರ ಮಾಮೂಲಿ ಮಾರ್ಕೆಟ್‌ಗೆ ಹೋಗುತ್ತದೆ. ಅಲ್ಲಿ ಮೊದಲು ಬಂದ ಕೊಳ್ಳುವವನು 180ಕ್ಕೇ ಎತ್ತಿಕೊಂಡು ಹೋಗುತ್ತಾನೆ. ಅದಕ್ಕೆ 9:06ರ ಹೊತ್ತಿಗೆ ಅಂದಾಜು ಬೆಲೆ ನೋಡುತ್ತೇನೆ. ಷೇರಿನ ಸಂಖ್ಯೆ ಐನೂರು ಕೂಡ ಇಲ್ಲ ಅಂದರೆ ಕ್ಯಾನ್ಸಲ್.

ಖರ್ಚಿನ ವಿಷಯ. ಎಲ್ಲ ಮುಗಿಯಲು ಒಂದು ತಿಂಗಳ ಮೇಲೇ ಹಿಡಿಯಿತು. ಮಾರಿದ ದಿನಕ್ಕೆಲ್ಲ ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯಲು ಹಿಡಿಯುವ ಡಿಪಿ ಚಾರ್ಜು ಹದಿನೈದು ರೂಪಾಯಿ ಹತ್ತಿರ, ಒಟ್ಟು ನಾನ್ನೂರರ ಒಳಗೆ. ಷೇರು ವ್ಯವಹಾರದ ತೆರಿಗೆ ಎಸ್‌ಟಿಟಿ ಹೇಗೆ ಮಾರಿದರೂ ಅದೇ ಶೇ 0.1. ಎಲ್ಲವನ್ನೂ 178.40ಕ್ಕೆ ಮಾರಿದ್ದಕ್ಕೆ ಹೋಲಿಸಿದರೆ ಉಳಿತಾಯ ಆದದ್ದು ಹದಿನೆಂಟು ಸಾವಿರದ ಹತ್ತಿರ. ನಿಮ್ಮ ಬ್ರೋಕರ್ ಪ್ರತಿ ಆರ್ಡರಿಗೆ ಕನಿಷ್ಠ ಕಮಿಷನ್ ಹಿಡಿಯುವವನಾದರೆ ಇನ್ನೂರಿನ್ನೂರು ಮಾರುವುದು ಗಿಟ್ಟುವುದಿಲ್ಲ, ಮೊದಲು ಅದನ್ನು ಕೇಳಿಕೊಳ್ಳಿ.

ಕೆಟ್ಟ ಸುದ್ದಿ ಬಂದ ದಿನ ಇದು ನಡೆಯುವುದಿಲ್ಲ. ಗುರುತು ಹಿಡಿಯುವುದು ಸುಲಭ. ವ್ಯವಹಾರ ಆಗುವ ಮುಂಚೆಯೇ ಬಿಡ್‌ಗಳು ಒಂದೊಂದಾಗಿ ಮಾಯವಾಗುತ್ತವೆ. ಒಟ್ಟು ಕೊಳ್ಳುವ ಸಂಖ್ಯೆ ಇಪ್ಪತ್ತು ಸಾವಿರ ಅಂತ ತೋರಿಸುತ್ತಿದ್ದರೂ ಅದೆಲ್ಲ ಎಲ್ಲೋ ಕೆಳಗೆ ಇರುತ್ತದೆ. ದಿನಕ್ಕೆ ಶೇ 5ಕ್ಕಿಂತ ಹೆಚ್ಚು ಇಳಿಯಲು ಬಿಡದ ಸರ್ಕ್ಯೂಟ್ ಇರುವ ಷೇರಾದರೆ 182ರಿಂದ 172.90ಕ್ಕೆ ಬಂದು ನಿಂತುಬಿಡುತ್ತದೆ. ಆಮೇಲೆ ಮಾರುವವರದ್ದೇ ಸರದಿ. ಅಂಥ ಒಂದು ದಿನ ಬಿಡ್ ವಾಪಸ್ ತೆಗೆಯುವುದು ಕಂಡ ಕೂಡಲೇ ನಾನೂ 181ಕ್ಕೆ ಇದ್ದ ಬಿಡ್‌ಗೆ ನೂರು ಷೇರು ಹೊಡೆದು ಹೊರಬಂದೆ. ಇನ್ಫೋಸಿಸ್‌ನಂಥ ಷೇರಿಗೆ ಇದ್ಯಾವುದೂ ಬೇಡ. ಅಲ್ಲಿ ಎರಡು ಕಡೆಯ ಅಂತರವೇ ಪೈಸೆಗಳಲ್ಲಿ, ನನ್ನ ಇನ್ನೂರು ಷೇರು ಯಾರ ಕಣ್ಣಿಗೂ ಬೀಳುವುದಿಲ್ಲ.