ಇಫ್ ವಾಕ್ಯ ಬರೆಯುವ ಮೊದಲು ಕನ್ನಡ ವಾಕ್ಯದ ಬಾಲ ನೋಡಿ

'ಇಫ್ ಹಿ ವಿಲ್ ಕಮ್', 'ಇಫ್ ಐ ವುಡ್ ಹ್ಯಾವ್ ನೋನ್', 'ಶಿ ವುಡ್ ಹ್ಯಾಡ್ ಪಾಸ್ಡ್'. ಗಂಗಾವತಿ, ಸಿಂಧನೂರು ಕಡೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನಾನು ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಇವು. ಬರೆದವರು ಓದದವರಲ್ಲ. ಜೀರೋ, ಫಸ್ಟ್, ಸೆಕೆಂಡ್, ಥರ್ಡ್ ಎಂಬ ನಾಲ್ಕು ಮನೆಗಳ ಕೋಷ್ಟಕವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲವರು. ಕೋಷ್ಟಕ ಬಾಯಿಗೆ ಬಂದಿದೆ, ಆದರೆ ಎದುರಿಗಿರುವ ವಾಕ್ಯವನ್ನು ಯಾವ ಮನೆಗೆ ಹಾಕಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಆದ್ದರಿಂದ ಇಲ್ಲಿ ಕೋಷ್ಟಕವನ್ನು ಪಕ್ಕಕ್ಕಿಟ್ಟು, ಆ ಆಯ್ಕೆಯನ್ನೇ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ: ಕನ್ನಡ ವಾಕ್ಯದ ಕೊನೆಯ ಕ್ರಿಯಾಪದ ನೋಡಿ

ಎಲ್ಲರೂ 'ಬಂದರೆ', 'ಬಂದಿದ್ದರೆ' ಎಂಬಲ್ಲಿಂದಲೇ ಇಂಗ್ಲಿಷಿಗೆ ಹೊರಡುತ್ತಾರೆ. ದಾರಿ ತಪ್ಪುವುದು ಅಲ್ಲೇ. ಈ ಎರಡು ವಾಕ್ಯಗಳನ್ನು ನೋಡಿ: 'ಅವನು ಆರಕ್ಕೆ ಸಿಂಧನೂರು ಬಿಟ್ಟಿದ್ದರೆ ಈ ಹೊತ್ತಿಗೆ ರಾಯಚೂರಿನಲ್ಲಿರುತ್ತಾನೆ.' 'ಅವನು ಆರಕ್ಕೆ ಸಿಂಧನೂರು ಬಿಟ್ಟಿದ್ದರೆ ಈ ಹೊತ್ತಿಗೆ ರಾಯಚೂರಿನಲ್ಲಿರುತ್ತಿದ್ದ.' ಎರಡರಲ್ಲೂ 'ಬಿಟ್ಟಿದ್ದರೆ' ಒಂದೇ. ಮೊದಲನೆಯದರಲ್ಲಿ ಅವನು ಬಿಟ್ಟನೋ ಇಲ್ಲವೋ ನಮಗೆ ಗೊತ್ತಿಲ್ಲ, ಬಿಟ್ಟಿರಲೂಬಹುದು. ಎರಡನೆಯದರಲ್ಲಿ ಅವನು ಬಿಡಲಿಲ್ಲ ಎಂಬುದು ಖಚಿತ. ಈ ವ್ಯತ್ಯಾಸವನ್ನು ಹೇಳುತ್ತಿರುವುದು ವಾಕ್ಯದ ಬಾಲ.

ಹೀಗಾಗಿ ಬಾಲದಲ್ಲಿ '-ತ್ತಾನೆ, -ತ್ತೇನೆ, -ತ್ತದೆ' ಇದ್ದರೆ ಬಾಗಿಲು ತೆರೆದಿದೆ, ಆ ಮಾತು ನಿಜವಾಗಬಹುದು. '-ತ್ತಿದ್ದ, -ತ್ತಿದ್ದೆ, -ತ್ತಿತ್ತು, -ತ್ತಿರಲಿಲ್ಲ' ಇದ್ದರೆ ಬಾಗಿಲು ಮುಚ್ಚಿದೆ, ನಾವು ಇಲ್ಲದ್ದನ್ನು ಕಲ್ಪಿಸಿಕೊಂಡು ಮಾತನಾಡುತ್ತಿದ್ದೇವೆ. ಪೆನ್ನು ಕಾಗದಕ್ಕೆ ತಾಗುವ ಮೊದಲು ಇಷ್ಟು ತೀರ್ಮಾನವಾಗಿರಬೇಕು.

ಎರಡನೆಯ ಹೆಜ್ಜೆ: ಬಾಗಿಲು ತೆರೆದಿದ್ದರೆ

ಇದು ಸುಲಭ. 'ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರೆ ಭತ್ತ ನಾಟಿ ಮಾಡುತ್ತೇವೆ.' ಇಫ್ ಭಾಗಕ್ಕೆ ವರ್ತಮಾನ ಕಾಲ, ಫಲದ ಭಾಗಕ್ಕೆ ವಿಲ್: 'ಇಫ್ ದೆ ರಿಲೀಸ್ ವಾಟರ್ ಇನ್ ಜುಲೈ, ವಿ ವಿಲ್ ಟ್ರಾನ್ಸ್‌ಪ್ಲಾಂಟ್ ದ ಪ್ಯಾಡಿ.' ಯಾವಾಗಲೂ ನಡೆಯುವ ಸಂಗತಿಯಾದರೆ ಎರಡೂ ಕಡೆ ವರ್ತಮಾನ: 'ಇಫ್ ಯು ಹೀಟ್ ಐಸ್, ಇಟ್ ಮೆಲ್ಟ್ಸ್.' ಮೇಲಿನ ಸಿಂಧನೂರಿನ ಮೊದಲ ವಾಕ್ಯದ ಹಾಗೆ ನಿಜವಾಗಿ ನಡೆದಿರಬಹುದಾದ ನಿನ್ನೆಯ ಅಥವಾ ಬೆಳಗಿನ ಮಾತಾದರೆ ಸಾದಾ ಭೂತಕಾಲ: 'ಇಫ್ ಹಿ ಲೆಫ್ಟ್ ಸಿಂಧನೂರ್ ಅಟ್ ಸಿಕ್ಸ್, ಹಿ ವಿಲ್ ಬಿ ಇನ್ ರಾಯಚೂರ್ ಬೈ ನೌ.' ಈ ಕೊನೆಯ ಬಗೆ ಗೈಡುಗಳ ಕೋಷ್ಟಕದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಹಾಗಾಗಿ ಇಫ್ ನಂತರ ಭೂತಕಾಲ ಕಂಡ ಕೂಡಲೇ ಅದು ಕಲ್ಪನೆಯ ವಾಕ್ಯ ಎಂದು ಮಕ್ಕಳು ಗುರುತು ಹಾಕಿಬಿಡುತ್ತಾರೆ.

ಇಫ್ ಭಾಗದಲ್ಲಿ ವಿಲ್ ಬೇಡ. ಆದರೆ 'ದಯವಿಟ್ಟು ಒಂದು ನಿಮಿಷ ಕಾಯುವಿರಾದರೆ' ಎಂಬ ವಿನಂತಿಯಲ್ಲಿ 'ಇಫ್ ಯು ವಿಲ್ ವೇಟ್ ಎ ಮಿನಿಟ್' ಸರಿಯಾದ ಇಂಗ್ಲಿಷ್. ಅಲ್ಲಿ ವಿಲ್ ಮುಂದಿನ ಕಾಲವನ್ನಲ್ಲ, ಒಪ್ಪಿಗೆಯನ್ನು ಸೂಚಿಸುತ್ತದೆ. ಪರೀಕ್ಷೆಗೆ ಓದುವವರು ಇದನ್ನು ತಿಳಿದಿದ್ದರೆ ಸಾಕು, ಬಳಸಬೇಕಿಲ್ಲ.

ಮೂರನೆಯ ಹೆಜ್ಜೆ: ಬಾಗಿಲು ಮುಚ್ಚಿದ್ದರೆ, ಎರಡೂ ಭಾಗಗಳ ಕಾಲವನ್ನು ಬೇರೆ ಬೇರೆ ಕೇಳಿ

ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಹೋಗೋಣ.

'ನನ್ನ ಬಳಿ ಟ್ರ್ಯಾಕ್ಟರ್ ಇದ್ದಿದ್ದರೆ ಬಾಡಿಗೆ ಕೊಡುತ್ತಿರಲಿಲ್ಲ.' ಇದು ಈಗಿನ ಮಾತೋ, ಹೋದ ವರ್ಷದ ಮಾತೋ? ಕನ್ನಡದಲ್ಲಿ ಎರಡಕ್ಕೂ ಈ ವಾಕ್ಯ ನಡೆಯುತ್ತದೆ. ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷ್ ಮಾತ್ರ ಇದನ್ನು ಕ್ರಿಯಾಪದದಲ್ಲೇ ತೋರಿಸಲೇಬೇಕು ಎನ್ನುತ್ತದೆ. ಆದ್ದರಿಂದ ವಾಕ್ಯದೊಳಗೆ 'ಈಗ' ಅಥವಾ 'ಆಗ' ಎಂಬ ಪದವನ್ನು ನೀವೇ ಸೇರಿಸಿ ಓದಿ. ಇಫ್ ಭಾಗಕ್ಕೆ ಒಮ್ಮೆ, ಫಲದ ಭಾಗಕ್ಕೆ ಇನ್ನೊಮ್ಮೆ.

ಇಫ್ ಭಾಗ 'ಈಗ' ಆದರೆ ಕ್ರಿಯಾಪದದ ಎರಡನೆಯ ರೂಪ. 'ಆಗ' ಆದರೆ ಹ್ಯಾಡ್ ಮತ್ತು ಮೂರನೆಯ ರೂಪ. ಫಲದ ಭಾಗ 'ಈಗ' ಆದರೆ ವುಡ್ ಮತ್ತು ಮೊದಲನೆಯ ರೂಪ. 'ಆಗ' ಆದರೆ ವುಡ್ ಹ್ಯಾವ್ ಮತ್ತು ಮೂರನೆಯ ರೂಪ. ನೆನಪಿಡಬೇಕಾದದ್ದು ಇಷ್ಟೇ. ಈಗಿನ ಟ್ರ್ಯಾಕ್ಟರ್: 'ಇಫ್ ಐ ಹ್ಯಾಡ್ ಎ ಟ್ರ್ಯಾಕ್ಟರ್, ಐ ವುಡ್ ನಾಟ್ ಪೇ ರೆಂಟ್.' ಹೋದ ವರ್ಷದ ಟ್ರ್ಯಾಕ್ಟರ್: 'ಇಫ್ ಐ ಹ್ಯಾಡ್ ಹ್ಯಾಡ್ ಎ ಟ್ರ್ಯಾಕ್ಟರ್, ಐ ವುಡ್ ನಾಟ್ ಹ್ಯಾವ್ ಪೇಡ್ ರೆಂಟ್.' ಎರಡು ಹ್ಯಾಡ್ ಒಟ್ಟಿಗೆ ಕಂಡು ಅಚ್ಚಿನ ತಪ್ಪೆಂದು ಒಂದನ್ನು ಹೊಡೆದುಹಾಕುವವರಿದ್ದಾರೆ. ಹೊಡೆಯಬೇಡಿ. ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ಹ್ಯಾವ್‌ನ ಮೂರನೆಯ ರೂಪ. ಒಂದನ್ನು ತೆಗೆದರೆ ಇಫ್ ಭಾಗ ಹೋದ ವರ್ಷದಿಂದ ಇವತ್ತಿಗೆ ಬಂದು ಕೂರುತ್ತದೆ.

ಈಗ ನಮ್ಮ ಭಾಗದವರೆಲ್ಲ ಬಲ್ಲ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. 'ಸರಪಳಿ ತುಂಡಾಗದಿದ್ದರೆ ಗೇಟ್ ಕೊಚ್ಚಿಹೋಗುತ್ತಿರಲಿಲ್ಲ' ಎಂಬುದನ್ನು ಇಂಗ್ಲಿಷಿಗೆ ತರಬೇಕು. ತರಗತಿಯಲ್ಲಿ ಸಿಗುವ ಉತ್ತರ: 'ಇಫ್ ದ ಚೈನ್ ಡಿಡ್ ನಾಟ್ ಬ್ರೇಕ್, ದ ಗೇಟ್ ವಾಸ್ ನಾಟ್ ವಾಷಿಂಗ್ ಅವೇ.' 'ಹೋಗುತ್ತಿರಲಿಲ್ಲ' ಎಂಬಲ್ಲಿರುವ '-ತ್ತಿ-' ಕಂಡು ಅದನ್ನು ನಡೆಯುತ್ತಿರುವ ಕ್ರಿಯೆ ಎಂದು ಭಾವಿಸಿ ಐಎನ್‌ಜಿ ಹಾಕಿದ್ದಾರೆ. ಕಲ್ಪನೆಯ ವಾಕ್ಯದ ಬಾಲದಲ್ಲಿ ಬರುವ '-ತ್ತಿ-'ಗೂ ಐಎನ್‌ಜಿಗೂ ಸಂಬಂಧವಿಲ್ಲ. ಆ ಜಾಗದಲ್ಲಿ ಬರಬೇಕಾದದ್ದು ವುಡ್.

ಬಾಲ '-ತ್ತಿರಲಿಲ್ಲ', ಅಂದರೆ ಬಾಗಿಲು ಮುಚ್ಚಿದೆ. ಸರಪಳಿ ತುಂಡಾದದ್ದು ಯಾವಾಗ? ಆಗ. ಹಾಗಾದರೆ ಹ್ಯಾಡ್ ಮತ್ತು ಮೂರನೆಯ ರೂಪ. ಬ್ರೇಕ್, ಬ್ರೋಕ್, ಬ್ರೋಕನ್ ಎಂದು ಮೂರನ್ನೂ ಬಾಯಲ್ಲಿ ಹೇಳಿಕೊಂಡು ಮೂರನೆಯದನ್ನು ಹಿಡಿಯಿರಿ: 'ಇಫ್ ದ ಚೈನ್ ಹ್ಯಾಡ್ ನಾಟ್ ಬ್ರೋಕನ್'. 'ಹ್ಯಾಡ್ ಬ್ರೋಕ್', 'ಹ್ಯಾಡ್ ವೆಂಟ್' ಎಂಬ ತಪ್ಪುಗಳು ಹುಟ್ಟುವುದು ಈ ಮೂರನ್ನು ಹೇಳಿಕೊಳ್ಳದೆ ಬರೆದಾಗ. ಗೇಟ್ ಹೋದದ್ದು ಯಾವಾಗ? ಅದೂ ಆಗಲೇ. ಹಾಗಾದರೆ ವುಡ್ ಹ್ಯಾವ್ ಮತ್ತು ಮೂರನೆಯ ರೂಪ. ಗೇಟ್ ತಾನಾಗಿ ಹೋಗಲಿಲ್ಲ, ನೀರು ಅದನ್ನು ಕೊಚ್ಚಿಕೊಂಡು ಹೋಯಿತು. ಇದು ಕರ್ಮಣಿ ಪ್ರಯೋಗವಾದ್ದರಿಂದ ನಡುವೆ ಬೀನ್ ಸೇರುತ್ತದೆ: 'ದ ಗೇಟ್ ವುಡ್ ನಾಟ್ ಹ್ಯಾವ್ ಬೀನ್ ವಾಷ್ಡ್ ಅವೇ.'

ಫಲದ ಭಾಗ 'ಆಗ' ಆದರೆ ವುಡ್ ನಂತರ ಬರುವುದು ಯಾವಾಗಲೂ ಹ್ಯಾವ್. ಕರ್ತೃ ಹಿ, ಶಿ, ಇಟ್ ಯಾವುದೇ ಇರಲಿ, 'ವುಡ್ ಹ್ಯಾಸ್' ಇಲ್ಲ. ಕಾಲ ಎಷ್ಟೇ ಹಿಂದಿನದಾಗಿರಲಿ, 'ವುಡ್ ಹ್ಯಾಡ್' ಇಲ್ಲ. ವುಡ್ ಪಕ್ಕದ ಕ್ರಿಯಾಪದ ಮೊದಲನೆಯ ರೂಪದಲ್ಲೇ ನಿಲ್ಲುತ್ತದೆ. ಹಾಗೆಯೇ ಇಫ್ ಭಾಗಕ್ಕೆ ವುಡ್ ಹ್ಯಾವ್ ತರಬೇಡಿ. 'ಇಫ್ ಐ ವುಡ್ ಹ್ಯಾವ್ ನೋನ್' ಎಂಬುದನ್ನು ಮೊಬೈಲ್‌ನ ವಿಡಿಯೊಗಳಲ್ಲಿ, ಅದರಲ್ಲೂ ಅಮೆರಿಕದವರ ಮಾತಿನಲ್ಲಿ, ನೀವು ಕೇಳಿರಬಹುದು. ಆಡುಮಾತಿನಲ್ಲಿ ಅದಿದೆ, ಆದರೆ ಬರವಣಿಗೆಯಲ್ಲಿ ಅದು ತಪ್ಪು, ಅಂಕ ಹೋಗುತ್ತದೆ.

ಎರಡು ಭಾಗಗಳ ಕಾಲವನ್ನು ಬೇರೆ ಬೇರೆ ಕೇಳಿ ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. 'ಹೋದ ಜೂನ್‌ನಲ್ಲಿ ಕೋರ್ಸ್ ಸೇರಿದ್ದರೆ ಈಗ ಕೆಲಸದಲ್ಲಿರುತ್ತಿದ್ದೆ.' ಸೇರುವುದು ಆಗ, ಕೆಲಸ ಈಗ: 'ಇಫ್ ಐ ಹ್ಯಾಡ್ ಜಾಯಿನ್ಡ್ ದ ಕೋರ್ಸ್ ಲಾಸ್ಟ್ ಜೂನ್, ಐ ವುಡ್ ಬಿ ಇನ್ ಎ ಜಾಬ್ ನೌ.' ಇದಕ್ಕೆ ತಿರುಗುಮುರುಗು: 'ನನಗೆ ತೆಲುಗು ಬರುತ್ತಿದ್ದರೆ ನಿನ್ನೆ ಆದೋನಿ ಮಾರುಕಟ್ಟೆಯಲ್ಲಿ ನಾನೇ ಮಾತನಾಡುತ್ತಿದ್ದೆ.' ತೆಲುಗು ಬಾರದಿರುವುದು ಈಗಲೂ ಇರುವ ಸಂಗತಿ, ಮಾತು ನಿನ್ನೆಯದು: 'ಇಫ್ ಐ ನ್ಯೂ ತೆಲುಗು, ಐ ವುಡ್ ಹ್ಯಾವ್ ಸ್ಪೋಕನ್ ಮೈಸೆಲ್ಫ್ ಇನ್ ಆದೋನಿ ಮಾರ್ಕೆಟ್ ಯೆಸ್ಟರ್‌ಡೇ.' ನಾಲ್ಕು ಮನೆಗಳ ಕೋಷ್ಟಕ ನಂಬಿದವರು ಇವನ್ನು ಕಂಡು, ಎರಡು ಕಡೆಯ ರೂಪ ಹೊಂದಿಕೆಯಾಗುತ್ತಿಲ್ಲವೆಂದು ಸರಿಯಿದ್ದುದನ್ನೇ ತಿದ್ದಿ ಕೆಡಿಸುತ್ತಾರೆ. ಮಿಕ್ಸೆಡ್ ಎಂಬ ಐದನೆಯ ಮನೆ ಸೇರಿಸಿದ ಗೈಡುಗಳೂ ಇವೆ. ಅವುಗಳಿಂದ ಗೊಂದಲ ಇನ್ನಷ್ಟು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಬರಿಯ ಉತ್ತರ ಅಚ್ಚು ಹಾಕಿ, ಆ ರೂಪ ಯಾಕೆ ಎಂದು ಒಂದು ಸಾಲೂ ಬರೆಯದ ಗೈಡುಗಳಿಗೆ ದುಡ್ಡು ಕೊಡಬೇಡಿ.

ಉಳಿದ ಚಿಕ್ಕ ಸಂಗತಿಗಳು

ಕಲ್ಪನೆಯ 'ಈಗ'ದಲ್ಲಿ ಬಿ ಕ್ರಿಯಾಪದಕ್ಕೆ ಎಲ್ಲ ಕರ್ತೃಗಳ ಜೊತೆಗೂ ವರ್ ಬರೆಯಿರಿ: 'ಇಫ್ ಐ ವರ್ ಯು, ಐ ವುಡ್ ನಾಟ್ ಗೋ.' ವಾಸ್ ಎಂದವರನ್ನು ಮಾತಿನಲ್ಲಿ ಯಾರೂ ತಡೆಯುವುದಿಲ್ಲ, ಆದರೆ ಪರೀಕ್ಷೆಯಲ್ಲಿ ವರ್ ಸುರಕ್ಷಿತ. ಇಫ್ ಭಾಗ ಮೊದಲು ಬಂದರೆ ನಡುವೆ ಅಲ್ಪವಿರಾಮ, ಕೊನೆಗೆ ಬಂದರೆ ಬೇಡ. ಅನ್‌ಲೆಸ್ ತನ್ನೊಳಗೇ ನಾಟ್ ಇಟ್ಟುಕೊಂಡಿರುವುದರಿಂದ ಮತ್ತೊಂದು ನಾಟ್ ಹಾಕಬೇಡಿ.

ಬಾಲದ ಪರೀಕ್ಷೆ ಕೈಕೊಡುವ ಒಂದು ಜಾಗವಿದೆ. 'ಲಾಟರಿ ಹೊಡೆದರೆ ಮನೆ ಕಟ್ಟುತ್ತೇನೆ' ಎಂದು ಕನ್ನಡದಲ್ಲಿ ತೆರೆದ ಬಾಗಿಲಿನ ರೂಪದಲ್ಲೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಇಂಥ ದೂರದ ಆಸೆಗೆ ಸಾಮಾನ್ಯವಾಗಿ ಕಲ್ಪನೆಯ ರೂಪ ಬಳಸುತ್ತಾರೆ: 'ಇಫ್ ಐ ವನ್ ಎ ಲಾಟರಿ, ಐ ವುಡ್ ಬಿಲ್ಡ್ ಎ ಹೌಸ್.' 'ಇಫ್ ಐ ವಿನ್, ಐ ವಿಲ್ ಬಿಲ್ಡ್' ಎಂದರೂ ವ್ಯಾಕರಣ ತಪ್ಪಲ್ಲ, ಗೆಲ್ಲುವ ಭರವಸೆ ಮಾತ್ರ ಹೆಚ್ಚಿದೆ ಎಂದಾಗುತ್ತದೆ. ಬಹು ಆಯ್ಕೆಯ ಪ್ರಶ್ನೆಯಾದರೆ ವಾಕ್ಯದ ಇನ್ನೊಂದು ಭಾಗದಲ್ಲಿ ಈಗಾಗಲೇ ಅಚ್ಚಾಗಿರುವ ಕ್ರಿಯಾಪದ ನೋಡಿ ನಿರ್ಧರಿಸಿ. ಅಲ್ಲಿ ವುಡ್ ಇದ್ದರೆ ವನ್, ವಿಲ್ ಇದ್ದರೆ ವಿನ್.

ಓದುವಾಗ ಎದುರಾಗುವ ಇನ್ನೊಂದು ತೊಡಕು 'ಐಡ್', 'ಹಿಡ್' ಎಂಬ ಕುಗ್ಗಿಸಿದ ರೂಪಗಳದು. ಅಲ್ಲಿರುವ ಒಂಟಿ ಡಿ ಅಕ್ಷರ ಹ್ಯಾಡ್ ಕೂಡ ಆಗಬಹುದು, ವುಡ್ ಕೂಡ ಆಗಬಹುದು. ಅದರ ಮುಂದಿನ ಪದ ನೋಡಿ. ಮೂರನೆಯ ರೂಪವಿದ್ದರೆ ಹ್ಯಾಡ್, ಮೊದಲನೆಯ ರೂಪವಿದ್ದರೆ ವುಡ್. 'ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್' ಎಂಬಲ್ಲಿ ನೋನ್ ಮೂರನೆಯ ರೂಪ, ಆದ್ದರಿಂದ ಮೊದಲ ಡಿ ಹ್ಯಾಡ್. ಹ್ಯಾವ್ ಮೊದಲನೆಯ ರೂಪ, ಆದ್ದರಿಂದ ಎರಡನೆಯ ಡಿ ವುಡ್. ಕಮ್, ಪುಟ್, ಕಟ್‌ನಂಥ ಪದಗಳಲ್ಲಿ ಮೊದಲನೆಯ ಮತ್ತು ಮೂರನೆಯ ರೂಪ ಒಂದೇ ಆಗಿರುವುದರಿಂದ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಡಿ ಇಫ್ ಭಾಗದಲ್ಲಿದೆಯೋ ಫಲದ ಭಾಗದಲ್ಲಿದೆಯೋ ನೋಡಿ: ಇಫ್ ಭಾಗದ ಡಿ ಹ್ಯಾಡ್, ಫಲದ ಭಾಗದ ಡಿ ವುಡ್.