ಕಾಲರ್ ಎತ್ತಿ ಫೋಟೋ ತೆಗೆದೆ, ಟೈ ಕೂತಿತು

ಅರಸೀಕೆರೆಯಲ್ಲಿ ಸ್ಟುಡಿಯೋ ಇಟ್ಟು ಹತ್ತೊಂಬತ್ತು ವರ್ಷ ಆಯಿತು. ಕೋಟು ಹಾಕಿ ಕೊಡಿ, ಟೈ ಹಾಕಿ ಕೊಡಿ ಅಂತ ಕೇಳುವವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಕೋಟು ಸುಲಭ, ಫೋಟೋಶಾಪ್‌ನಲ್ಲಿ ಕುತ್ತಿಗೆಯಿಂದ ಕೆಳಗೆ ಎಲ್ಲವನ್ನೂ ಬದಲಾಯಿಸಿಬಿಡಬಹುದು. ಅವರದೇ ಶರ್ಟ್ ಉಳಿಸಿಕೊಂಡು ಬರೀ ಟೈ ಹಾಕುವುದೇ ಕಷ್ಟ. ನಮ್ಮ ಪಕ್ಕದ ಊರಿನ ಹಿರಿಯ ಫೋಟೋಗ್ರಾಫರ್ ಒಬ್ಬರು ಯಾವಾಗಲೂ ಹೇಳುತ್ತಿದ್ದರು, "ಅಂಟಿಸಿದ ಟೈ ಅಂಟಿಸಿದ ಹಾಗೇ ಕಾಣ್ಸುತ್ತೆ ಕಣಯ್ಯ, ದೊಡ್ಡ ಪ್ರಿಂಟಿಗೆ ಒಪ್ಕೋಬೇಡ." ಹೋದ ವರ್ಷ 12×18 ಪ್ರಿಂಟಿನಲ್ಲಿ ಮಾಡಿ ಅವರಿಗೇ ತೋರಿಸಿದೆ. ಎಲ್ಲಿ ಅಂಟಿಸಿದ್ದು ಅಂತ ಅವರಿಗೂ ಹುಡುಕಲಾಗಲಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ. ಶುರುವಿನಲ್ಲಿ ಎಲ್ಲರ ಹಾಗೆ ನಾನೂ ರೆಡಿ ಟೈಗಳ ಡಿವಿಡಿ ತಂದಿದ್ದೆ, ಸುಮಾರು ಐನೂರು ರೂಪಾಯಿ. ಅದರಲ್ಲಿದ್ದ ಟೈಗಳನ್ನೆಲ್ಲ ಮೇಜಿನ ಮೇಲೆ ಮಲಗಿಸಿ ತೆಗೆದಿದ್ದರು. ಎದೆಯ ಮೇಲೆ ಇಟ್ಟರೂ ಮಲಗಿದ ಹಾಗೇ ಕಾಣುತ್ತಿದ್ದವು. ಒಂದು ಸಲ ಶಾಲೆಯೊಂದರ ಐಡಿ ಕಾರ್ಡ್ ಕೆಲಸ ಬಂತು. ಟೈ ಇಲ್ಲದೆ ಬಂದಿದ್ದ ನೂರಾ ನಲವತ್ತು ಮಕ್ಕಳಿಗೆ ಟೈ ಹಾಕಬೇಕಿತ್ತು. ನನ್ನ ಹತ್ತಿರ ಇದ್ದ ಟೈ ಫೋಟೋದಲ್ಲಿ ಬೆಳಕು ಎಡದಿಂದ, ಮಕ್ಕಳ ಫೋಟೋದಲ್ಲಿ ಬಲದಿಂದ. ಟೈಯನ್ನು ಸುಮ್ನೆ ಎಡಬಲ ತಿರುಗಿಸಿಬಿಟ್ಟೆ. ಬೆಳಕು ಸರಿಹೋಯಿತು, ಆದರೆ ಪಟ್ಟೆಗಳು ಉಲ್ಟಾ ಓರೆಯಾದವು. ಶಾಲೆಯವರು ಒಂದೇ ನೋಟಕ್ಕೆ ಹಿಡಿದರು. ಕಾರ್ಡೆಲ್ಲ ಮತ್ತೆ ಪ್ರಿಂಟ್ ಮಾಡಬೇಕಾಯಿತು, ನಾಲ್ಕು ಸಾವಿರದ ಹತ್ತಿರ ಹೋಯಿತು. ಅವತ್ತಿಂದ ಪಟ್ಟೆ ಟೈಯನ್ನು ತಿರುಗಿಸಿಲ್ಲ, ಲೈಟನ್ನೇ ತಿರುಗಿಸುತ್ತೇನೆ.

ಇನ್ನು ಆ ದೊಡ್ಡ ಪ್ರಿಂಟಿನ ಕೆಲಸ. ತೀರಿಕೊಂಡ ತಂದೆಯ ಫೋಟೋ ಹಿಡಿದು ಮಗ ಬಂದರು. ತಂದೆ ಬ್ಯಾಂಕಿನಲ್ಲಿದ್ದವರು, ದಿನಾ ಟೈ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಮನೆಯಲ್ಲಿ ಉಳಿದಿದ್ದ ಚೆನ್ನಾದ ಫೋಟೋದಲ್ಲಿ ಮಾತ್ರ ಬಿಳಿ ಶರ್ಟು, ಮೇಲಿನ ಒಂದು ಗುಂಡಿ ಬಿಚ್ಚಿದೆ, ಎಡ ಭುಜ ಸ್ವಲ್ಪ ತಗ್ಗಿದೆ. ಅವರ ಟೈಯನ್ನೇ ತಂದಿದ್ದರು, ಮೆರೂನ್ ಬಣ್ಣದ್ದು. ಸಾವಿರದ ಇನ್ನೂರು ಹೇಳಿದೆ, ಒಪ್ಪಿದರು.

ನಮ್ಮ ಹುಡುಗನಿಗೆ ಬಿಳಿ ಶರ್ಟ್ ಹಾಕಿಸಿ ಆ ಟೈ ಕಟ್ಟಿದೆ. ಮೂಲ ಫೋಟೋದಲ್ಲಿ ಬೆಳಕು ಬಂದ ಕಡೆಯಿಂದಲೇ ಸಾಫ್ಟ್‌ಬಾಕ್ಸ್ ಇಟ್ಟೆ, ಕ್ಯಾಮೆರಾ ಎತ್ತರವನ್ನೂ ಅದಕ್ಕೆ ಹೊಂದಿಸಿದೆ. ಆಮೇಲೆ ಅವನ ಕಾಲರ್ ಮೇಲಕ್ಕೆ ಎತ್ತಿಸಿ ಫೋಟೋ ತೆಗೆದೆ. ನನ್ನ ಕೆಲಸ ನಿಂತಿರುವುದೇ ಇದರ ಮೇಲೆ. ಕಾಲರ್ ಮಡಚಿ ತೆಗೆದರೆ ಗಂಟಿನ ಎರಡು ಪಕ್ಕವೂ, ಕುತ್ತಿಗೆ ಸುತ್ತ ಹೋಗುವ ಪಟ್ಟಿಯೂ ಆ ಶರ್ಟಿನ ಕಾಲರ್ ಆಕಾರಕ್ಕೆ ಕತ್ತರಿಸಿಹೋಗಿರುತ್ತವೆ. ಅದು ಇನ್ನೊಬ್ಬರ ಕಾಲರಿಗೆ ಯಾವತ್ತೂ ಕೂರಲ್ಲ, ಸಂದಿಯಲ್ಲಿ ಬಿಳಿ ಇಣುಕುತ್ತದೆ. ಎತ್ತಿ ತೆಗೆದರೆ ಗಂಟು ಪೂರ್ತಿ, ಪಟ್ಟಿ ಪೂರ್ತಿ. ಯಾವ ಕಾಲರ್ ಕೆಳಗಾದರೂ ತೂರಿಸಬಹುದು.

ಕಾಲರ್ ಸಿಗಿಸುವುದು ಹೀಗೆ. ತಂದೆಯ ಫೋಟೋದಿಂದ ಕಾಲರಿನ ಎರಡು ಎಲೆಗಳನ್ನು ಪೆನ್ ಟೂಲಿನಿಂದ ಬೇರೆ ಬೇರೆಯಾಗಿ ಆರಿಸಿ, `Ctrl+J` ಒತ್ತಿ ಬೇರೆ ಲೇಯರ್ ಮಾಡಿಕೊಂಡೆ. ಗುಂಡಿ ಬಿಚ್ಚಿದ್ದರಿಂದ ಮಧ್ಯೆ ಕುತ್ತಿಗೆ ಕಾಣುತ್ತಿತ್ತಲ್ವಾ, ಅದಕ್ಕೆ ಒಂದೊಂದು ಎಲೆಯನ್ನೂ `Warp` ನಲ್ಲಿ ಒಳಗೆ ಎಳೆದೆ, ಪ್ರಿಂಟಿನ ಅಳತೆಯಲ್ಲಿ ಕಾಲು ಇಂಚು ಇರಬಹುದು. ಹಿಂಭಾಗ ಅಲ್ಲಾಡಬಾರದು, ಮುಂದಿನ ತುದಿ ಮಾತ್ರ ಬರಬೇಕು. ಎರಡು ಗುಂಡಿ ಬಿಚ್ಚಿ ಬನಿಯನ್ ಕಾಣುವ ಫೋಟೋ ಆದರೆ ನಾನು ಒಪ್ಪಿಕೊಳ್ಳಲ್ಲ. ಅಷ್ಟು ದೂರ ಎಳೆದರೆ ಬಟ್ಟೆಯ ನೇಯ್ಗೆ ಹಿಗ್ಗಿದ್ದು ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ ಲೇಯರ್ ಇಟ್ಟಿದ್ದು: ಮೂಲ ಫೋಟೋ, ಟೈ ನೆರಳು, ಇಳಿಯುವ ಭಾಗ, ಗಂಟು ಮತ್ತು ಪಟ್ಟಿ, ಎಲ್ಲದರ ಮೇಲೆ ಕಾಲರ್ ಎಲೆಗಳು. ಗಂಟನ್ನು ಇಳಿಯುವ ಭಾಗದಿಂದ ಬೇರೆಯೇ ಇಡಿ. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

ಗುಂಡಿಗಳ ಮೇಲೆ ಟೈ ಬೀಳುವ ವಿಷಯದಲ್ಲಿ ನಾನು ಎರಡು ಸಲ ಎಡವಿದೆ. ಮೊದಲನೆಯದು, ಟೈಯನ್ನು ಗುಂಡಿ ಸಾಲಿನ ಉದ್ದಕ್ಕೂ ಕೂರಿಸಿದ್ದು. ಭುಜ ತಗ್ಗಿದಾಗ ಗುಂಡಿ ಸಾಲೂ ಓರೆಯಾಗುತ್ತದೆ. ಆದರೆ ಟೈ ಗಂಟಿನಿಂದ ತೂಗುತ್ತದೆ, ತೂಕದ ಗುಂಡಿನ ಹಾಗೆ ನೆಟ್ಟಗೆ ಇಳಿಯುತ್ತದೆ. ಹಾಗೆ ನೆಟ್ಟಗೆ ಇಳಿಸಿದಾಗ ಮೂರನೇ ಗುಂಡಿ ಟೈ ಅಂಚಿನಲ್ಲಿ ಅರ್ಧ ಇಣುಕಿತು. ಮೊದಲಾಗಿದ್ದರೆ ಅದನ್ನು ಅಳಿಸುತ್ತಿದ್ದೆ. ಈಗ ಹಾಗೇ ಬಿಟ್ಟು, ಅದರ ಮೇಲೆ ಟೈ ನೆರಳು ಬೀಳಿಸಿದೆ. ಆ ಅರ್ಧ ಗುಂಡಿಯೇ ಟೈಯನ್ನು ನಿಜ ಮಾಡಿತು.

ಎರಡನೆಯದು `Displace` ಫಿಲ್ಟರಿನ ಪ್ರಯೋಗ. ಶರ್ಟಿನ ಸುಕ್ಕಿಗೆ ತಕ್ಕಂತೆ ಟೈ ಬಾಗಲಿ ಅಂತ ಶರ್ಟಿನದೇ ಕಪ್ಪುಬಿಳುಪು ಪ್ರತಿ ಮಾಡಿ ಓಡಿಸಿದೆ. ಒಂದು ಇಡೀ ಭಾನುವಾರ ಹೋಯಿತು. ಒಂದೊಂದು ಗುಂಡಿಯೂ ಟೈ ಮೇಲೆ ಉಬ್ಬಿಕೊಂಡಿತು, ಒದ್ದೆ ಬಟ್ಟೆ ಮೈಗೆ ಅಂಟಿದ ಹಾಗೆ. ಟೈ ಒಳಗೆ ದಪ್ಪ ಅಸ್ತರಿ ಇರುತ್ತದೆ, ಕೆಳಗಿನ ಗುಂಡಿ ಮೇಲೆ ಮೂಡುವುದೇ ಇಲ್ಲ. ಟೀ ಶರ್ಟ್ ಮೇಲೆ ಲೋಗೋ ಕೂರಿಸಲು ಆ ಫಿಲ್ಟರ್ ಚೆನ್ನಾಗಿದೆ, ಅದಕ್ಕೆ ಇವತ್ತಿಗೂ ಬಳಸುತ್ತೇನೆ. ಟೈಗೆ ಬೇಡ.

ನೆರಳಿಗೆ ಕಪ್ಪು ಬಣ್ಣ ಹಾಕಬೇಡಿ. ಅದೇ ಶರ್ಟಿನ ಮಡಿಕೆಯ ನೆರಳಿನಿಂದ ಬಣ್ಣ ತೆಗೆದುಕೊಳ್ಳಿ, ಬಿಳಿ ಶರ್ಟಿನಲ್ಲಿ ಅದು ಹೆಚ್ಚಾಗಿ ನೀಲಿ ಬೂದು ಇರುತ್ತದೆ. ಲೇಯರ್ ಮೋಡ್ `Multiply`, ಅಪಾಸಿಟಿ ಮೂವತ್ತೈದು ಪರ್ಸೆಂಟ್ ಆಸುಪಾಸು. ಗಂಟಿನ ಕೆಳಗೆ ಟೈ ಶರ್ಟಿನಿಂದ ಸ್ವಲ್ಪ ಎದ್ದು ನಿಂತಿರುತ್ತದೆ, ಅಲ್ಲಿ ನೆರಳು ಅಗಲ, ಮೆತ್ತಗೆ. ಎದೆಗೆ ತಾಗಿದ ಕಡೆ ಗೆರೆಯಷ್ಟು ಸಣ್ಣ, ಗಾಢ. ಮೇಲಿಂದ ಕೆಳಗೆ ಒಂದೇ ಸಮ ನೆರಳು ಹಾಕಿದರೆ ರಟ್ಟಿನ ಟೈ ಆಗುತ್ತದೆ. ಕಾಲರ್ ಎಲೆಯ ಅಂಚಿನಿಂದಲೂ ಗಂಟಿನ ಮೇಲೆ ಕೂದಲೆಳೆಯಷ್ಟು ನೆರಳು ಬೇಕು. ಅದಿಲ್ಲದಿದ್ದರೆ ತೂರಿಸಿದ್ದು ತೂರಿಸಿದ ಹಾಗೆ ಕಾಣಲ್ಲ.

ಗಂಟಿನ ಕೆಳಗಿನ ಆ ಸಣ್ಣ ಗುಳಿಯನ್ನು ಹೇಗೆ ತಂದೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ, ಟೈ ಕಟ್ಟುವಾಗಲೇ ಬಂದದ್ದು, ಅಷ್ಟು ಹೇಳಬಲ್ಲೆ.

ಆ ಭಾನುವಾರ ಬಿಟ್ಟು ಒಟ್ಟು ಆರೇಳು ಗಂಟೆ ಹಿಡಿಯಿತು. ಪ್ರಿಂಟ್, ಫ್ರೇಮ್ ಖರ್ಚು ಕಳೆದು ಐನೂರು ಉಳಿದಿರಬೇಕು. ಈಗ ಅದೇ ಕೆಲಸ ಒಂದೂವರೆ ಗಂಟೆಗೆ ಮುಗಿಯುತ್ತದೆ. ಕಾಲರ್ ಎತ್ತಿ ತೆಗೆದ ಇಪ್ಪತ್ತಕ್ಕೂ ಜಾಸ್ತಿ ಟೈಗಳು ನನ್ನ ಹತ್ತಿರ ಇವೆ, ಒಂದೊಂದನ್ನೂ ಎರಡು ಕಡೆಯ ಬೆಳಕಿನಲ್ಲಿ ತೆಗೆದಿದ್ದೇನೆ. ಪಾಸ್‌ಪೋರ್ಟ್ ಅರ್ಜಿಯ ಫೋಟೋಗೆ ಮಾತ್ರ ಎಷ್ಟು ಕೇಳಿದರೂ ಹಾಕಲ್ಲ, ತಿದ್ದಿದ ಫೋಟೋ ಅಲ್ಲಿ ನಡೆಯಲ್ಲ.

ಫ್ರೇಮ್ ತೆಗೆದುಕೊಳ್ಳಲು ಮಗನ ಜೊತೆ ತಾಯಿಯೂ ಬಂದಿದ್ದರು. ತುಂಬ ಹೊತ್ತು ನೋಡಿದರು. "ಚೆನ್ನಾಗಿದೆ ಕಣಪ್ಪ. ಆದ್ರೆ ಇವರು ಗಂಟು ಒಂಚೂರು ಎಡಕ್ಕೆ ಕಟ್ಟೋರು. ನಾನೇ ದಿನಾ ಸರಿ ಮಾಡಿ ಕಳಿಸ್ತಿದ್ದೆ" ಅಂದರು. ಅವರು ಕಟ್ಟುತ್ತಿದ್ದ ಹಾಗೇ, ಸರಿ ಮಾಡದೆ ಬಿಡಲಾ ಅಂತ ಕೇಳಿದೆ. ಹೂಂ ಅಂತ ತಲೆಯಾಡಿಸಿದರು. ಗಂಟು ಬೇರೆ ಲೇಯರ್‌ನಲ್ಲಿತ್ತು, ಹತ್ತು ನಿಮಿಷದಲ್ಲಿ ಒಂಚೂರು ಎಡಕ್ಕೆ ಸರಿಸಿ ಇನ್ನೊಂದು ಪ್ರಿಂಟ್ ತೆಗೆದೆ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.