ಕವರ್ಡ್ ಕಾಲ್ ಬೇರೆ, ಕಾಲ್ ಖರೀದಿ ಬೇರೆ: ಹಿರಿಯರ ಮುಂದೆ 20 ನಿಮಿಷದಲ್ಲಿ ಹೇಳುವುದು ಹೇಗೆ?

ಒಂದು ಷೇರನ್ನು ಗೊತ್ತಾದ ಬೆಲೆಗೆ, ಗೊತ್ತಾದ ಗಡುವಿಗೆ ಕೊಳ್ಳುವ ಹಕ್ಕು ಕೊಡುವ ಆಪ್ಷನ್ನೇ ಕಾಲ್. ಕೈಯಲ್ಲಿ ಷೇರಿಟ್ಟುಕೊಂಡು ಆ ಹಕ್ಕನ್ನು ಇನ್ನೊಬ್ಬರಿಗೆ ಮಾರುವುದು ಕವರ್ಡ್ ಕಾಲ್. ಬಡಾವಣೆಯ ಹಿರಿಯ ನಾಗರಿಕರ ವೇದಿಕೆಯಲ್ಲಿ ಆಪ್ಷನ್ ಬಗ್ಗೆ ಮಾತಾಡಲು ಹೋದವರು ಎಡವುವುದು ಎರಡೇ ಕಡೆ. ಕೆಲವರು ಡೆಲ್ಟಾ, ಥೀಟಾ ಎಂದು ಶುರುಮಾಡಿ ಐದನೇ ನಿಮಿಷಕ್ಕೆ ಸಭೆಯನ್ನು ನಿದ್ದೆಗೆ ಕಳಿಸುತ್ತಾರೆ. ಇನ್ನು ಕೆಲವರು ‘ಮನೆಗೆ ಬಾಡಿಗೆ ಬಂದ ಹಾಗೆ ನಿಮ್ಮ ಷೇರಿಗೂ ತಿಂಗಳ ಬಾಡಿಗೆ’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಎರಡನೆಯ ತಪ್ಪೇ ದೊಡ್ಡದು. ಬಾಡಿಗೆದಾರ ಖಾಲಿ ಮಾಡಿದ ಮೇಲೆ ಮನೆ ನಿಮ್ಮದೇ ಆಗಿರುತ್ತದೆ. ಇಲ್ಲಿ ಮನೆಯೇ ಹೋಗಬಹುದು, ಇಲ್ಲವೇ ಮನೆಯ ಬೆಲೆಯೇ ಕುಸಿದು ಬಾಡಿಗೆ ಯಾವ ಲೆಕ್ಕಕ್ಕೂ ಬಾರದೆ ಹೋಗಬಹುದು.

ಮೊದಲ ಸಿದ್ಧತೆ

ಒಂದು ಕಪ್ಪುಹಲಗೆ, ದಪ್ಪ ಅಕ್ಷರ, ಒಂದೇ ಒಂದು ಷೇರಿನ ಉದಾಹರಣೆ. ಪ್ರೊಜೆಕ್ಟರ್ ಬೇಡ. ಬ್ರೋಕರ್ ಆ್ಯಪ್ ತೆರೆದು ತೋರಿಸುವುದಂತೂ ಬೇಡವೇ ಬೇಡ. ಹಸಿರು-ಕೆಂಪು ಅಂಕಿಗಳು ಕುಣಿಯತೊಡಗಿದರೆ ನಿಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಕಂಪನಿಯ ಹೆಸರೂ ಹೇಳಬೇಡಿ. ಹೇಳಿದರೆ ‘ಹಾಗಾದ್ರೆ ಅದನ್ನ ತಗೋಬಹುದಾ ಸಾರ್?’ ಎಂಬ ಪ್ರಶ್ನೆ ಖಚಿತ, ಅದಕ್ಕೆ ಉತ್ತರಿಸಲು ಸೆಬಿ ನೋಂದಣಿ ಬೇಕು. ಬರೀ ಶಿಕ್ಷಣ ಕೊಡುತ್ತೇವೆ ಎನ್ನುವವರು ಹಿಂದಿನ ಮೂರು ತಿಂಗಳ ಮಾರುಕಟ್ಟೆ ಬೆಲೆಗಳನ್ನು ಬಳಸಬಾರದು ಎಂದು ಸೆಬಿ 2025ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ಹಾಗಾಗಿ ಹಲಗೆಯ ಮೇಲೆ ‘ಅ ಕಂಪನಿ’ ಎಂದೇ ಬರೆಯಿರಿ.

ಸೈಟಿನ ಅಗ್ರಿಮೆಂಟಿನಿಂದ ಆರಂಭಿಸಿ

ಸಭೆಯಲ್ಲಿ ಸೈಟು ಕೊಂಡವರೋ ಮಾರಿದವರೋ ಇದ್ದೇ ಇರುತ್ತಾರೆ. ಒಬ್ಬರ ಬಳಿ 40 ಲಕ್ಷದ ಸೈಟು ಇದೆ. ಇನ್ನೊಬ್ಬರು ಬಂದು ‘ಮೂರು ತಿಂಗಳೊಳಗೆ 42 ಲಕ್ಷಕ್ಕೆ ನನಗೇ ಕೊಡಬೇಕು, ಆ ಮಾತಿಗಾಗಿ 60 ಸಾವಿರ ಇಟ್ಟುಕೊಳ್ಳಿ, ನಾನು ಬಾರದಿದ್ದರೆ ಅದು ನಿಮ್ಮದೇ’ ಎನ್ನುತ್ತಾರೆ. 42 ಲಕ್ಷ ಎಂಬುದು ಸ್ಟ್ರೈಕ್, 60 ಸಾವಿರ ಪ್ರೀಮಿಯಂ, ಮೂರು ತಿಂಗಳ ಗಡುವು ಎಕ್ಸ್‌ಪೈರಿ. ಈ ಮೂರು ಪದ ಸಾಕು, ನಾಲ್ಕನೆಯದು ಬೇಡ.

ಇಲ್ಲೊಂದು ಎಚ್ಚರಿಕೆ. ಸೈಟಿನ ಅಡ್ವಾನ್ಸನ್ನು ಕೊನೆಗೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಆಪ್ಷನ್ನಿನಲ್ಲಿ ಪ್ರೀಮಿಯಂ ಮುರಿದುಕೊಳ್ಳುವ ಹಣವಲ್ಲ, ಸ್ಟ್ರೈಕ್ ಬೆಲೆಗೆ ಹೊರತಾದದ್ದು. ಇದನ್ನು ಹೇಳದೆ ಮುಂದೆ ಹೋದರೆ ಹಲಗೆಯ ಮೇಲಿನ ಲೆಕ್ಕ ಯಾರಿಗೂ ತಾಳೆಯಾಗುವುದಿಲ್ಲ.

ಹಲಗೆಯ ಲೆಕ್ಕ: ಇಲ್ಲಿ ಹತ್ತು ನಿಮಿಷ ಕೊಡಿ

‘ಅ ಕಂಪನಿ’ಯ ಷೇರು ಬೆಲೆ 400 ರೂಪಾಯಿ, ಒಂದು ಲಾಟ್ ಅಂದರೆ 1,000 ಷೇರು, 420ರ ಕಾಲ್‌ನ ಪ್ರೀಮಿಯಂ ಷೇರಿಗೆ 6 ರೂಪಾಯಿ ಎಂದು ಇಟ್ಟುಕೊಳ್ಳಿ. ಎಡಗಡೆ ‘ಮಾರಿದವರು’ ಎಂದು ಬರೆಯಿರಿ. ಅವರ ಬಳಿ 1,000 ಷೇರು, ಅಂದರೆ 4 ಲಕ್ಷದ ಆಸ್ತಿ ಆಗಲೇ ಇದೆ. ಒಂದು ಲಾಟ್ ಕಾಲ್ ಮಾರಿ 6,000 ರೂಪಾಯಿ ಪಡೆದಿದ್ದಾರೆ. ಬಲಗಡೆ ‘ಕೊಂಡವರು’. ಅವರ ಬಳಿ ಷೇರಿಲ್ಲ, 6,000 ಕೊಟ್ಟು ಅದೇ ಕಾಲ್ ಕೊಂಡಿದ್ದಾರೆ. ದಲ್ಲಾಳಿ ಮತ್ತು ತೆರಿಗೆಯ ಖರ್ಚು ಸದ್ಯಕ್ಕೆ ಬಿಡಿ.

ಈಗ ಎಕ್ಸ್‌ಪೈರಿ ದಿನದ ಬೆಲೆಗಳನ್ನು ಒಂದೊಂದಾಗಿ ಬರೆಯಿರಿ. ಮೊದಲು 415. ಷೇರು ಏರಿದೆ, ಕೊಂಡವರ ಊಹೆ ಸರಿಯಾಗಿದೆ. ಆದರೂ 420 ದಾಟಿಲ್ಲವಾದ್ದರಿಂದ ಅವರ 6,000 ಪೂರ್ತಿ ಹೋಯಿತು. ಮಾರಿದವರಿಗೆ ಷೇರಿನಿಂದ 15,000, ಪ್ರೀಮಿಯಂನಿಂದ 6,000, ಒಟ್ಟು 21,000. ಈ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಕೊಂಡವರಿಗೆ ಷೇರು ಏರಿದರೆ ಸಾಲದು. ಇಷ್ಟು ದಿನದೊಳಗೆ ಏರಬೇಕು, 426 ದಾಟಬೇಕು. ದಿಕ್ಕು, ದೂರ, ಗಡುವು ಮೂರೂ ಒಟ್ಟಿಗೆ ಕೂಡಿಬರಬೇಕು.

ಎರಡನೆಯದು 460. ಕೊಂಡವರಿಗೆ ಹಬ್ಬ: 40,000ದಲ್ಲಿ 6,000 ಕಳೆದು 34,000 ಲಾಭ. ಮಾರಿದವರು ಷೇರನ್ನು 420ಕ್ಕೇ ಕೊಡಬೇಕು. ಅವರಿಗೆ 20,000 ಮತ್ತು 6,000 ಸೇರಿ 26,000. ಸುಮ್ಮನೆ ಇದ್ದಿದ್ದರೆ 60,000 ಸಿಗುತ್ತಿತ್ತು. ಕೈತಪ್ಪಿದ 34,000 ಎದುರಿನವರ ಜೇಬಿಗೆ ಹೋಗಿದೆ.

ಮೂರನೆಯದು 320. ಬಾಡಿಗೆ ಕಥೆ ಹೇಳುವವರು ಈ ಸಾಲನ್ನು ಬರೆಯುವುದೇ ಇಲ್ಲ. ಕೊಂಡವರ ನಷ್ಟ 6,000, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಮಾರಿದವರ ಷೇರು 80,000 ಕಳೆದುಕೊಂಡಿದೆ. ಪ್ರೀಮಿಯಂ ಕಳೆದರೂ ನಷ್ಟ 74,000. ಆ 6,000 ರೂಪಾಯಿ ತಡೆಯುವುದು 400ರಿಂದ 394ರವರೆಗಿನ ಕುಸಿತವನ್ನು ಮಾತ್ರ.

ಮೂರು ಸಾಲೂ ಬರೆದಾದ ಮೇಲೆ ‘ಯಾವುದು ಸುರಕ್ಷಿತ?’ ಎಂದು ಕೇಳಿ ಸುಮ್ಮನಿರಿ. ಸಭೆ ಗೊಂದಲಕ್ಕೆ ಬೀಳುತ್ತದೆ, ಬೀಳಲೂಬೇಕು. ಕವರ್ಡ್ ಕಾಲ್ ಮಾರಿದವರು ಹೊತ್ತಿರುವುದು ಷೇರಿನ ಅಪಾಯ. ಅದು ಅವರಿಗೆ ಮೊದಲೇ ಇತ್ತು. ಅದರ ಮೇಲಿನ ಲಾಭದ ತುದಿಯನ್ನು ಕತ್ತರಿಸಿ ಮಾರಿ ಚಿಕ್ಕ ಮೊತ್ತ ಪಡೆದಿದ್ದಾರೆ, ಅಷ್ಟೆ. ಕೊಂಡವರು ಆಸ್ತಿಯನ್ನೇ ಹೊಂದದೆ ಆ ತುದಿಯನ್ನು ಮಾತ್ರ ಕೊಂಡಿದ್ದಾರೆ. ಗಡುವು ಮುಗಿದ ದಿನ ಮೊದಲಿನವರ ಕೈಯಲ್ಲಿ ಷೇರೋ ಷೇರಿನ ಹಣವೋ ಇರುತ್ತದೆ. ಎರಡನೆಯವರ ಕೈಯಲ್ಲಿ ಬಹುತೇಕ ಸಲ ಏನೂ ಇರುವುದಿಲ್ಲ.

ಜೂಜು ಎಲ್ಲಿ ಹುಟ್ಟುತ್ತದೆ ಎಂದು ತೋರಿಸಿ

‘ಹಾಗಾದ್ರೆ ಕೊಂಡವರದ್ದೇ ಒಳ್ಳೇದಲ್ವಾ, ಆರು ಸಾವಿರ ಮಾತ್ರ ಹೋಗೋದು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯ ಪ್ರಶ್ನೆ. ಒಂದೇ ಲಾಟ್ ಕೊಂಡು, 6,000 ಹೋದರೆ ಹೋಗಲಿ ಎನ್ನುವವರ ಮಟ್ಟಿಗೆ ಅದು ನಿಜ. ಆದರೆ ಆ 4 ಲಕ್ಷವನ್ನೂ ಕಾಲ್ ಕೊಳ್ಳಲು ಹಾಕಿದರೆ 66 ಲಾಟ್ ಬರುತ್ತದೆ. ಆಗ ಬೆಲೆ 415ಕ್ಕೆ ನಿಂತರೂ 3,96,000 ರೂಪಾಯಿ ಒಂದೇ ತಿಂಗಳಲ್ಲಿ ಮಾಯ. ಅದೇ ಹಣಕ್ಕೆ ಷೇರು ಇಟ್ಟುಕೊಂಡವರು 415ರಲ್ಲಿ ಲಾಭದಲ್ಲಿದ್ದರು. ಆಪ್ಷನ್ ಖರೀದಿ ಜೂಜಾಗುವುದು ಪ್ರಮಾಣದಲ್ಲಿ, ಮತ್ತು ಪ್ರತಿ ತಿಂಗಳೂ ಮರುಕಳಿಸುವ ‘ಆರೇ ಸಾವಿರ ತಾನೆ’ ಎಂಬ ಮಾತಿನಲ್ಲಿ.

ಅಂಕಿಅಂಶ ಬೇಕೆನಿಸಿದರೆ ಒಂದೇ ಒಂದು ಹೇಳಿ: 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ 93% ಮಂದಿ ನಷ್ಟ ಅನುಭವಿಸಿದರು ಎಂದು ಸೆಬಿಯ ಅಧ್ಯಯನ ಹೇಳಿದೆ. ಇದರಲ್ಲಿ ಕೊಂಡವರೂ ಮಾರಿದವರೂ ಇದ್ದಾರೆ. ಆದ್ದರಿಂದ ‘ನೋಡಿ, ಕವರ್ಡ್ ಕಾಲ್ ಸುರಕ್ಷಿತ’ ಎನ್ನಲು ಇದನ್ನು ಸಾಕ್ಷಿಯಾಗಿ ತೋರಿಸಬೇಡಿ.

‘ಕವರ್ಡ್’ ಎಂಬ ಮಾತು ಎಲ್ಲಿ ಕೈಕೊಡುತ್ತದೆ

ಅಮೆರಿಕದ ವಿಡಿಯೊಗಳನ್ನು ನೋಡಿ ಬಂದವರು ಸಭೆಯಲ್ಲಿ ಇದ್ದರೆ ಮೊದಲೇ ಹೇಳಿಬಿಡಿ: ಅಲ್ಲಿನ 100 ಷೇರಿನ ಲೆಕ್ಕ ಇಲ್ಲಿಲ್ಲ. ನಮ್ಮಲ್ಲಿ ಪ್ರತಿ ಷೇರಿಗೂ ಲಾಟ್ ಬೇರೆ, ಆಗಾಗ ಬದಲಾಗುತ್ತದೆ, ಎನ್‌ಎಸ್‌ಇ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಎಲ್ಲ ಷೇರಿಗೂ ಆಪ್ಷನ್ ಇರುವುದೂ ಇಲ್ಲ. ಅಲ್ಲಿಯ ಹಾಗೆ ಮಧ್ಯದಲ್ಲೇ ಷೇರು ಕೇಳುವ ಹಕ್ಕು ಇಲ್ಲಿ ಕೊಂಡವರಿಗಿಲ್ಲ. ಲೆಕ್ಕ ಎಕ್ಸ್‌ಪೈರಿಯ ದಿನವೇ. ಎನ್‌ಎಸ್‌ಇಯಲ್ಲಿ 2025ರ ಸೆಪ್ಟೆಂಬರ್‌ನಿಂದ ಅದು ತಿಂಗಳ ಕೊನೆಯ ಮಂಗಳವಾರ.

ಮುಖ್ಯ ತೊಡಕು ಇನ್ನೊಂದಿದೆ. ನಿಮ್ಮ ಡಿಮ್ಯಾಟ್‌ನಲ್ಲಿ ಷೇರಿದೆ ಎಂಬ ಕಾರಣಕ್ಕೆ ಮಾರ್ಜಿನ್, ಅಂದರೆ ಬ್ರೋಕರ್ ಬಳಿ ಇಡಬೇಕಾದ ಭದ್ರತಾ ಠೇವಣಿ, ಮಾಫಿ ಆಗುವುದಿಲ್ಲ. ಷೇರಿಲ್ಲದೆ ಮಾರಿದವರ ಹಾಗೆಯೇ ನಿಮ್ಮಿಂದಲೂ ಮಾರ್ಜಿನ್ ಕೇಳುತ್ತಾರೆ. ನಮ್ಮ ಉದಾಹರಣೆಗೆ ಅದು ಮುಕ್ಕಾಲು ಲಕ್ಷವೋ ಒಂದು ಲಕ್ಷವೋ ಆಗಬಹುದು. ಷೇರನ್ನೇ ಪ್ಲೆಡ್ಜ್ ಮಾಡಿ, ಅಂದರೆ ಅಡವಿಟ್ಟು, ಒಂದಷ್ಟು ಹೊಂದಿಸಬಹುದು. ಆದರೆ ಅರ್ಧದಷ್ಟು ನಗದು ಅಥವಾ ನಗದಿಗೆ ಸಮಾನವಾದದ್ದು ಇರಬೇಕು, ಕಡಿಮೆ ಬಿದ್ದರೆ ಬ್ರೋಕರ್ ಬಡ್ಡಿ ಹಾಕುತ್ತಾರೆ. ತಿಂಗಳ ನಡುವೆ ಷೇರು ದಿಢೀರನೆ 460ಕ್ಕೆ ಹಾರಿದರೆ ಮಾರಿದ ಕಾಲ್‌ನ ಬೆಲೆ 40 ದಾಟುತ್ತದೆ, ಮಾರ್ಜಿನ್ ಇನ್ನೂ ಮೂವತ್ತು-ನಲವತ್ತು ಸಾವಿರ ಬೇಕಾಗುತ್ತದೆ. ಹಾಕದಿದ್ದರೆ ಬ್ರೋಕರ್ ಆ ಕಾಲ್ ಅನ್ನು ಅದೇ ಬೆಲೆಗೆ ಕೊಂಡು ಮುಚ್ಚಿಬಿಡಬಹುದು. ಮರುವಾರ ಷೇರು 405ಕ್ಕೆ ಇಳಿದರೆ ಕಾಲ್‌ನಲ್ಲಿ 34,000 ನಿಜವಾಗಿ ಹೋಗಿರುತ್ತದೆ, ಷೇರಿನ ಲಾಭ ಕಾಗದದ ಮೇಲೂ 5,000 ಮಾತ್ರ ಉಳಿದಿರುತ್ತದೆ. ಆದ್ದರಿಂದ ಕೈಯಲ್ಲಿ ಕನಿಷ್ಠ ಒಂದು ಲಕ್ಷ ನಗದು ಬೇರೆ ಇಲ್ಲದವರು ಈ ಲಾಟ್ ಮಾರಲೇಬಾರದು.

ಇನ್ನು ಷೇರಿನ ಎಣಿಕೆ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳಿಗೂ ಷೇರನ್ನೇ ಕೊಟ್ಟು ಚುಕ್ತಾ ಮಾಡಬೇಕು. ಬೋನಸ್ ಎಲ್ಲ ಸೇರಿ 900 ಷೇರಿದ್ದರೆ 1,000ದ ಲಾಟ್ ಕವರ್ಡ್ ಅಲ್ಲ. ಕೊರತೆಯ 100 ಷೇರು ಹರಾಜಿಗೆ ಹೋಗಿ ದಂಡ ಬೀಳುತ್ತದೆ. ಬೀರುವಿನಲ್ಲಿರುವ ಕಾಗದದ ಸರ್ಟಿಫಿಕೇಟು ಲೆಕ್ಕಕ್ಕಿಲ್ಲ. ಹೆಂಡತಿಯ ಡಿಮ್ಯಾಟ್‌ನಲ್ಲಿ ಇರುವುದೂ ಲೆಕ್ಕಕ್ಕಿಲ್ಲ. ಬೇರೆ ಬ್ರೋಕರ್ ಬಳಿ ಇರುವುದನ್ನು ಮೊದಲೇ ವರ್ಗಾಯಿಸಿರಬೇಕು. ಪ್ಲೆಡ್ಜ್ ಆದ ಷೇರನ್ನು ಚುಕ್ತಾಕ್ಕೆ ಹೇಗೆ ಬಿಡಿಸುತ್ತಾರೆ ಎಂಬುದನ್ನು ಬ್ರೋಕರ್‌ನಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಲಿ, ಫೋನಿನ ಮಾತು ಸಾಲದು. 1,000 ಷೇರಿಟ್ಟುಕೊಂಡು ಎರಡು ಲಾಟ್ ಮಾರಿದವರದ್ದು ಅರ್ಧ ಕವರ್ಡ್ ಅಲ್ಲ. ಎರಡನೇ ಲಾಟ್ ಪೂರಾ ಬರಿಮೈ, ಅದರ ನಷ್ಟಕ್ಕೆ ಮಿತಿಯೇ ಇಲ್ಲ.

ಪ್ರಶ್ನೋತ್ತರದಲ್ಲಿ ಬಂದೇ ಬರುವುದು

‘320ಕ್ಕೆ ಬಿದ್ದ ಮೇಲೆ 340ರ ಕಾಲ್ ಮಾರ್ತಾ ಮಾರ್ತಾ ನಷ್ಟ ತುಂಬಿಸ್ಕೋಬಹುದಲ್ಲ?’ ಬೇಡ ಎಂದು ನೇರವಾಗಿ ಹೇಳಿ. ಷೇರಿಗೆ 5 ರೂಪಾಯಿ ಸಿಕ್ಕಿತು ಎನ್ನೋಣ. ಮುಂದಿನ ತಿಂಗಳು ಷೇರು 385ಕ್ಕೆ ಚೇತರಿಸಿಕೊಂಡರೆ 400ರ ಷೇರನ್ನು 340ಕ್ಕೆ ಕೊಡಬೇಕು. ಎರಡೂ ಪ್ರೀಮಿಯಂ ಸೇರಿ 11,000 ಕಳೆದರೂ 49,000 ನಷ್ಟ ಗಟ್ಟಿಯಾಗುತ್ತದೆ. ಮಾರುವುದಾದರೆ, ಆ ಬೆಲೆಗೆ ಷೇರು ಹೋದರೂ ಸಂತೋಷವೇ ಎನ್ನುವ ಸ್ಟ್ರೈಕ್ ಮಾತ್ರ.

ಅಪ್ಪನ ಕಾಲದ ಷೇರು, ಯಾರಿಗೂ ಕೊಡುವುದಿಲ್ಲ ಎನ್ನುವವರಿಗೆ ಕವರ್ಡ್ ಕಾಲ್ ಹೇಳಿದ್ದೇ ಅಲ್ಲ. ಷೇರು ಕೈಬಿಟ್ಟ ದಿನ ಅದು ಮಾರಾಟವೇ ಆದ್ದರಿಂದ ಹಳೆಯ ಲಾಭಕ್ಕೆಲ್ಲ ಬಂಡವಾಳ ಲಾಭದ ತೆರಿಗೆ ಬರುತ್ತದೆ: ವರ್ಷ ದಾಟಿದ ಷೇರಿಗೆ, 1.25 ಲಕ್ಷ ರೂಪಾಯಿ ಮೀರಿದ ಲಾಭದ ಮೇಲೆ 12.5%. ಪ್ರೀಮಿಯಂನ ದಾರಿ ಬೇರೆ, ಅದು ವ್ಯಾಪಾರದ ಆದಾಯ. ಇಷ್ಟು ವರ್ಷ ಪಿಂಚಣಿ ಮತ್ತು ಬಡ್ಡಿ ತೋರಿಸಿ ಐಟಿಆರ್-1 ಸಲ್ಲಿಸುತ್ತಿದ್ದವರು ಒಂದೇ ಒಂದು ಲಾಟ್ ಮಾರಿದರೂ ಐಟಿಆರ್-3ಕ್ಕೆ ಹೋಗಬೇಕಾಗುತ್ತದೆ. ಲೆಕ್ಕಪರಿಶೋಧಕರ ಶುಲ್ಕ ಎಷ್ಟಾಗುತ್ತದೆಂದು ಕೇಳಿ, ಅದನ್ನೂ ಹಲಗೆಯ ಮೇಲೆ ಆ 6,000ದ ಪಕ್ಕದಲ್ಲೇ ಬರೆಯಿರಿ.